ಗಾಯಕ್ಕೆ ಅಂಟಿದ ಬ್ಯಾಂಡೇಜ್ ಬಿಚ್ಚುವುದು ಹೇಗೆ?

ಪ್ರಶ್ನೆ: ಸಕ್ಕರೆ ಕಾಯಿಲೆ ಇರುವ ಅಪ್ಪನ ಪಾದದ ಗಾಯಕ್ಕೆ ಮನೆಯಲ್ಲೇ ಡ್ರೆಸ್ಸಿಂಗ್ ಮಾಡುತ್ತಿದ್ದೇವೆ. ಹಳೆಯ ಗಾಜ್ ಬಟ್ಟೆ ಅಂಟಿಕೊಂಡರೆ ಎಳೆಯಬಹುದೇ? ಯಾವಾಗ ಆಸ್ಪತ್ರೆಗೆ ಓಡಬೇಕು?

ಉತ್ತರ: ಎಳೆಯಬೇಡಿ, ನೆನೆಸಿ ಬಿಡಿಸಿ. ಗಾಯದ ತಳದಲ್ಲಿ ಹುಟ್ಟುವ ಕೆಂಪು ಹೊಸ ಮಾಂಸ ಗಾಜ್ ಬಟ್ಟೆಯ ಎಳೆಗಳೊಳಗೆ ಸೇರಿಕೊಳ್ಳುತ್ತದೆ. ಒಣಗಿದ ಮೇಲೆ ಎಳೆದರೆ ಅದೇ ಕಿತ್ತು ಬರುತ್ತದೆ.

ಸೋಪಿನಿಂದ ಕೈ ತೊಳೆದು ಗ್ಲೌಸ್ ಹಾಕಿಕೊಳ್ಳಿ. ನಾರ್ಮಲ್ ಸಲೈನ್ ಸುರಿದು ಐದು-ಹತ್ತು ನಿಮಿಷ ಬಿಟ್ಟು, ಅಂಚಿನಿಂದ ನಿಧಾನವಾಗಿ ಬಿಡಿಸಿ. ಬಿಚ್ಚಿದ ಮೇಲೆ ಕೈ ತೊಳೆದು ಹೊಸ ಗ್ಲೌಸ್ ಹಾಕಿ. ಹೆಚ್ಚಿನವರು ತಪ್ಪಿಸುವುದು ಇದನ್ನೇ. ಸಲೈನಿನಿಂದಲೇ ತೊಳೆದು, ಸುತ್ತಲಿನ ಚರ್ಮವನ್ನು ಮೆಲ್ಲಗೆ ಒತ್ತಿ ಒರೆಸಿ, ವೈದ್ಯರು ಬರೆದ ಮುಲಾಮು ಮತ್ತು ಸ್ಟೆರೈಲ್ ಗಾಜ್ ಇಡಿ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ಹೊಸ ಕೋಶಗಳನ್ನೂ ಸುಡುತ್ತದೆ. ಅರಿಶಿನವೂ ಬೇಡ. ಬ್ಯಾಂಡೇಜ್ ಬಿಗಿಯಾಗಿ ಸುತ್ತಿದರೆ ಬೆರಳು ತಣ್ಣಗಾಗುತ್ತದೆ, ಬಣ್ಣ ಬದಲಾಗುತ್ತದೆ, ತಕ್ಷಣ ಸಡಿಲಿಸಿ.

ಗಾಯದ ಸುತ್ತಲಿನ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡಿ. ಕೆಂಪು ಗೆರೆ ದಾಟಿದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಸಕ್ಕರೆ ಕಾರಣವಿಲ್ಲದೆ ಏರಿದರೆ ಅದೇ ದಿನ ತೋರಿಸಿ. ನೋವಿಲ್ಲವೆಂದು ಕಾಯಬೇಡಿ, ಇವರ ಪಾದದ ನರಗಳು ಮಂಕಾಗಿರಬಹುದು. ಚರ್ಮ ಕಪ್ಪಾದರೆ, ಒತ್ತಿದಾಗ ಚರಚರ ಎಂದರೆ, ಮಾತು ತೊದಲಿ ಗೊಂದಲವಾದರೆ ರಾತ್ರಿಯಾದರೂ ಹೊರಡಿ. ರಕ್ತ ಬಂದರೆ ಬಟ್ಟೆ ಎತ್ತಿ ನೋಡದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೋಗಿ.