ಸತ್ತ ಪಾತ್ರವನ್ನು ಜೊತೆ ಲೇಖಕ ಬದುಕಿಸಿ ತಂದಾಗ

ಪ್ರಶ್ನೆ: ನಾನೂ ಗೆಳೆಯನೂ ಸೇರಿ, ಒಂದು ಅಧ್ಯಾಯ ನಾನು, ಮುಂದಿನದು ಅವನು ಅಂತ ಕಾದಂಬರಿ ಬರೆಯುತ್ತಿದ್ದೇವೆ. ನಾನು ಸಾಯಿಸಿದ್ದ ಪಾತ್ರವನ್ನು ಅವನು ಏಕಾಏಕಿ ಜೀವಂತ ತಂದಿದ್ದಾನೆ. ಇಬ್ಬರ ಬರಹವನ್ನೂ ಬಿಸಾಡದೆ ಸರಿ ಮಾಡುವುದು ಹೇಗೆ?

ಸಾವಿನ ಅಧ್ಯಾಯವನ್ನು ತೆಗೆದು ಒಂದೊಂದೇ ವಾಕ್ಯ ಓದಿ. ಇದನ್ನು ಕಣ್ಣಾರೆ ಕಂಡವರು ಯಾರು, ಯಾರೋ ಹೇಳಿದ್ದನ್ನು ನಂಬಿದವರು ಯಾರು, ಯಾವ ಮಾತನ್ನು ನಿರೂಪಕ ತಾನೇ ಹೇಳಿದ್ದಾನೆ ಅಂತ ಅಂಚಿನಲ್ಲಿ ಗುರುತು ಹಾಕಿ. ನಂಬಿಕೆಯನ್ನು ಬದಲಾಯಿಸಬಹುದು, ಕಂಡದ್ದನ್ನು ಬದಲಾಯಿಸುವುದು ಕಷ್ಟ. ಎಷ್ಟೋ ಸಾವುಗಳು ಬರೀ ನಂಬಿಕೆಯ ಮೇಲೆ ನಿಂತಿರುತ್ತವೆ, ಬರೆದವರಿಗೇ ಅದು ಗೊತ್ತಿರುವುದಿಲ್ಲ.

ನಾನೂ ಗೆಳತಿಯೂ ಬರೆದ ಕಥೆಯಲ್ಲಿ ಹೀಗೇ ಆಯಿತು. ನಾಲ್ಕನೇ ಅಧ್ಯಾಯದಲ್ಲಿ ಶೇಖರ ಮಳೆಗಾಲದ ತುಂಗೆಯಲ್ಲಿ ಮುಳುಗಿದ, ಮೂರು ದಿನದ ಮೇಲೆ ಹೆಣ ಸಿಕ್ಕಿತು, ತಮ್ಮ ಮೋಹನ ಕೈಯಲ್ಲಿದ್ದ ವಾಚು ನೋಡಿ ಗುರುತು ಹಿಡಿದು ಕೊಳ್ಳಿ ಇಟ್ಟ. ಇದು ನಾನು ಬರೆದದ್ದು. ಹನ್ನೊಂದರಲ್ಲಿ ಅವಳು ಹುಬ್ಬಳ್ಳಿಯಿಂದ ಶೇಖರನ ಕಾಗದ ತರಿಸಿದಳು. ಗುರುತು ಹಾಕುತ್ತಾ ಹೋದರೆ, ಮುಳುಗಿದ್ದನ್ನು ಯಾರೂ ಕಂಡಿರಲಿಲ್ಲ. ನೀರಲ್ಲಿ ಮೂರು ದಿನ ಇದ್ದ ಹೆಣದ ಮುಖ ಎಷ್ಟೋ ಸಲ ಗುರುತು ಸಿಗುವ ಹಾಗೆ ಇರುವುದಿಲ್ಲ. ಉಳಿದ ಸಾಕ್ಷಿ ವಾಚು ಒಂದೇ.

ಆ ವಾಚು ಬೇರೆಯವನ ಕೈಗೆ ಹೇಗೆ ಹೋಯಿತು ಅಂತ ಹೊಸದಾಗಿ ಕಟ್ಟಬೇಡಿ. ಉತ್ತರವನ್ನು ಜೊತೆಗಾರರ ಹಳೇ ಅಧ್ಯಾಯದಲ್ಲೇ ಹುಡುಕಿ. ಗೆಳತಿ ಎರಡನೇ ಅಧ್ಯಾಯದಲ್ಲಿ ಶೇಖರ ಇಸ್ಪೀಟಿನಲ್ಲಿ ಸೋಲುವ ಒಂದು ಸಣ್ಣ ದೃಶ್ಯ ಬರೆದಿದ್ದಳು. ಸೋತವನು ವಾಚನ್ನು ಬಿಚ್ಚಿ ಕೊಟ್ಟ ಅಂತ ಅಲ್ಲಿ ಒಂದು ಸಾಲು ಸೇರಿಸಿದೆವು, ಅಷ್ಟೇ. ಸುಟ್ಟದ್ದು ಯಾರನ್ನು ಅನ್ನುವುದಕ್ಕೂ ಅದರಲ್ಲೇ ಉತ್ತರ ಸಿಕ್ಕಿತು, ಆಟ ಗೆದ್ದವನನ್ನು. ಆ ರಾತ್ರಿ ಇಬ್ಬರೂ ಒಂದೇ ದೋಣಿಯಲ್ಲಿದ್ದರು, ದೋಣಿ ಮಗುಚಿತು, ಜೂಜಿನ ಜಗಳಕ್ಕೆ ನಾನೇ ಕೊಂದೆ ಅಂತಾರೆ ಅಂತ ಹೆದರಿ ಶೇಖರ ಓಡಿಹೋದ. ಇಷ್ಟು ದಿನ ಯಾಕೆ ಸುದ್ದಿ ಕಳಿಸಲಿಲ್ಲ ಅನ್ನುವುದಕ್ಕೂ ಅದೇ ಕಾರಣ. ಸತ್ತವನು ಬದುಕಿ ಬಂದರೆ ಈ ಎರಡು ಪ್ರಶ್ನೆ ಬಂದೇ ಬರುತ್ತವೆ, ಓದುಗರು ಬಿಡುವುದಿಲ್ಲ.

ನಿಜವಾಗಿ ಕಷ್ಟವಾದದ್ದು ಆರನೇ ಅಧ್ಯಾಯ. ಹೆಣ ಗುರುತಿಸುವಾಗ ಮೋಹನ ಬರೀ ಮೋಸ ಹೋಗಿದ್ದರೆ ಕಥೆ ಅಲ್ಲೇ ಚಪ್ಪೆ. ಅವನು ಬೇಕಂತಲೇ ಸುಳ್ಳು ಹೇಳಿದ್ದರೆ ಕಥೆಯಲ್ಲಿದ್ದ ಅಣ್ಣತಮ್ಮಂದಿರ ಅಡಿಕೆ ತೋಟದ ಪಾಲಿನ ವಿಷಯಕ್ಕೆ ಜೀವ ಬರುತ್ತದೆ. ಆದರೆ ಆರನೇ ಅಧ್ಯಾಯ ಇಡೀ ಮೋಹನನ ಮನಸ್ಸಿನ ಒಳಗಿಂದ ಬರೆದದ್ದು, ಅಲ್ಲಿ ‘ಅಣ್ಣ ಇನ್ನಿಲ್ಲ ಎಂದು ಅವನಿಗೆ ಗೊತ್ತಿತ್ತು’ ಅಂತ ಒಂದು ಸಾಲಿತ್ತು. ಪಾತ್ರದ ತಲೆಯೊಳಗೆ ಕೂತು ಓದುಗರಿಗೆ ಸುಳ್ಳು ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಕೊನೆಗೆ ‘ಅಣ್ಣ ಇನ್ನಿಲ್ಲ ಎಂದು ತನಗೆ ತಾನೇ ಮತ್ತೆ ಹೇಳಿಕೊಂಡ’ ಅಂತ ಮಾಡಿದೆವು. ಅನುಮಾನ ಇತ್ತು, ವಾಚು ಬಿಟ್ಟು ಬೇರೇನೂ ನೋಡಲು ಅವನಿಗೆ ಇಷ್ಟ ಇರಲಿಲ್ಲ. ಅವನು ಅತ್ತದ್ದೂ ನಿಜವಾಗಿ ಉಳಿಯಿತು, ತಪ್ಪೂ ಉಳಿಯಿತು.

ಇದಕ್ಕೆಲ್ಲ ಮೊದಲು ಜೊತೆಗಾರರನ್ನು ಒಂದು ಮಾತು ಕೇಳಿ. ಈ ತಿರುವಿನಿಂದ ನಿಮಗೆ ಯಾವ ದೃಶ್ಯ ಬೇಕಿತ್ತು? ನನ್ನ ಗೆಳತಿಗೆ ಬೇಕಿದ್ದದ್ದು ಅಮ್ಮ ಕಾಗದ ಓದಲು ಬಾರದೆ ಅದನ್ನು ಮೋಹನನ ಕೈಗೇ ಕೊಡುವ ಗಳಿಗೆ. ಅದೊಂದನ್ನು ನಾವು ಮುಟ್ಟಲೇ ಇಲ್ಲ. ಕಾಗದದ ಒಕ್ಕಣೆ ಮಾತ್ರ ಬದಲಾಯಿತು. ಮೊದಲು ಶೇಖರ ಸುಮ್ನೆ ಊರಿನ ಕ್ಷೇಮ ಕೇಳಿದ್ದ, ಈಗ ಪೊಲೀಸರು ಬಂದಿದ್ದರಾ ಅಂತ ಕೇಳುತ್ತಾನೆ.

ಇದು ಎಲ್ಲ ಕಡೆ ಆಗುವುದಿಲ್ಲ. ಸಾಯುವವನ ಒಳಗಿನಿಂದಲೇ ಸಾವನ್ನು ಬರೆದಿದ್ದರೆ ದಾರಿ ತುಂಬಾ ಕಡಿಮೆ. ಹಿಂದಿನ ಅಧ್ಯಾಯಗಳು ಆಗಲೇ ಅಚ್ಚಾಗಿದ್ದರೆ ಸಾಲು ಸೇರಿಸಲು ಬರುವುದಿಲ್ಲ, ಅಲ್ಲಿ ಇರುವ ಸಾಲುಗಳಿಂದಲೇ ದಾರಿ ಹುಡುಕಬೇಕು. ಕನಸು, ಅವಳಿ ತಮ್ಮ ಅಂತ ಮಾತ್ರ ಹೋಗಬೇಡಿ, ಕನಸು ಅಂದ ಕೂಡಲೇ ಒಬ್ಬರ ಅಧ್ಯಾಯ ಕಸದ ಬುಟ್ಟಿಗೆ ಹೋದ ಹಾಗೇ ಅಲ್ವಾ? ತೇಪೆ ಕೆಟ್ಟಿದೆ ಅಂತ ತಿಳಿಯುವುದೂ ಸುಲಭ. ಅದನ್ನು ವಿವರಿಸಲು ಒಂದು ಪಾತ್ರ ಪುಟಗಟ್ಟಲೆ ಮಾತಾಡಬೇಕಾದರೆ, ಅಥವಾ ಎರಡನೇ ಕಾಕತಾಳೀಯ ಬೇಕಾದರೆ, ಅದು ಸರಿಯಾಗಿಲ್ಲ.

ಮುಂದಕ್ಕೆ ಒಂದು ಹಳೇ ನಿಯಮ ಇಟ್ಟುಕೊಳ್ಳಿ. ಲಂಡನ್ನಿನ ಡಿಟೆಕ್ಷನ್ ಕ್ಲಬ್‌ನ ಲೇಖಕರು 1931ರಲ್ಲಿ ‘ದಿ ಫ್ಲೋಟಿಂಗ್ ಅಡ್ಮಿರಲ್’ ಅನ್ನುವ ಪತ್ತೇದಾರಿ ಕಾದಂಬರಿಯನ್ನು ಒಬ್ಬರಾದ ಮೇಲೆ ಒಬ್ಬರು ಬರೆದರು. ತೊಡಕು ಹಾಕುವವರು ಅದನ್ನು ತಾವು ಹೇಗೆ ಬಿಡಿಸುತ್ತಿದ್ದೆವು ಅಂತ ಅಧ್ಯಾಯದ ಜೊತೆ ಬರೆದು ಕೊಡಬೇಕಿತ್ತು. ಮುಂದಿನವರು ಆ ದಾರಿಯಲ್ಲೇ ಹೋಗಬೇಕು ಅಂತೇನಿಲ್ಲ. ನಾವೂ ಈಗ ಹಾಗೇ ಮಾಡುತ್ತೇವೆ, ಅಧ್ಯಾಯದ ಜೊತೆ ನಾಲ್ಕು ಸಾಲಿನ ಚೀಟಿ, ಅದರಲ್ಲಿ ಈ ಗಂಟನ್ನು ಬಿಚ್ಚುವ ಒಂದು ದಾರಿ.