ಅಗಸೆ ಬೀಜ: ಇಡಿಯೋ ಪುಡಿಯೋ, ಕಮಟಾಗದಂತೆ ಇಡುವುದು ಹೇಗೆ, ದಿನಕ್ಕೆ ಎಷ್ಟು

ಪ್ರಶ್ನೆ: "ನಮ್ಮ ಯಜಮಾನರಿಗೆ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, 152 ಬಂದಿದೆ. ಒಂದು ಕಿಲೋ ಅಗಸೆಯನ್ನು ಹುರಿದು ಒಟ್ಟಿಗೇ ಪುಡಿ ಮಾಡಿ ಒಲೆ ಪಕ್ಕದ ಕಪಾಟಿನಲ್ಲಿಟ್ಟೆ. ದಿನಕ್ಕೊಂದು ಚಮಚ ಕೊಡುತ್ತಿದ್ದೆ. ತಿಂಗಳು ತುಂಬುವಷ್ಟರಲ್ಲಿ ಕಹಿ. ಇಡಿ ಬೀಜವನ್ನೇ ತಿಂದರೆ ಆಗುವುದಿಲ್ಲವೇ? ದಿನಕ್ಕೆ ಎಷ್ಟು?"

ಅಕ್ಕ, ಬೀಜವನ್ನು ಪುಡಿ ಮಾಡಿಯೇ ಕೊಡಿ. ಆದರೆ ಒಮ್ಮೆಗೆ ಒಂದು ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಮಾಡಿ. ನಿಮ್ಮ ಪುಡಿ ಕೆಟ್ಟಿದ್ದಕ್ಕೂ ದಿನಕ್ಕೆ ಒಂದೇ ಚಮಚ ಕೊಟ್ಟಿದ್ದಕ್ಕೂ ಸಂಬಂಧವಿದೆ. ಒಂದು ದೊಡ್ಡ ಚಮಚ ಪುಡಿ ಸುಮಾರು ಏಳು ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ ಒಂದು ಕಿಲೋ ಮುಗಿಯಲು ನಾಲ್ಕೂವರೆ ತಿಂಗಳಿಗೂ ಹೆಚ್ಚು ಬೇಕು. ಹುರಿದು, ಒಡೆದು, ಒಲೆಯ ಬಿಸಿಯ ಪಕ್ಕ ಇಟ್ಟ ಅಗಸೆ ಅಷ್ಟು ದಿನ ತಾಳುವುದಿಲ್ಲ.

ಇಡಿ ಬೀಜದ ಸಿಪ್ಪೆ ನುಣುಪು ಮತ್ತು ಗಟ್ಟಿ. ಹಲ್ಲಿಗೆ ಸಿಗದೆ ಜಾರಿದ ಬೀಜ ಹೇಗೆ ಒಳಗೆ ಹೋಯಿತೋ ಹಾಗೆಯೇ ಹೊರಗೆ ಬರುತ್ತದೆ, ಒಳಗಿನ ಎಣ್ಣೆಯ ಅಂಶ ದೇಹಕ್ಕೆ ದಕ್ಕುವುದು ತೀರ ಕಡಿಮೆ. ಇದೇ ಪ್ರಶ್ನೆಗೆ ಒಬ್ಬರು "ನಾನು ರಾತ್ರಿ ನೆನೆಸಿ ಇಡಿಯಾಗಿಯೇ ತಿನ್ನುತ್ತೇನೆ, ಹೊಟ್ಟೆ ಸಲೀಸಾಗಿದೆ" ಎಂದು ಬರೆದಿದ್ದಾರೆ. ಅವರ ಅನುಭವ ಸುಳ್ಳಲ್ಲ. ನೆನೆದಾಗ ಸಿಪ್ಪೆಯಿಂದ ಲೋಳೆ ಬಿಡುತ್ತದೆ, ಅದು ಮಲಬದ್ಧತೆಗೆ ಒಳ್ಳೆಯದು. ಆದರೆ ಅವರು ಹೇಳುತ್ತಿರುವುದು ಹೊಟ್ಟೆಯ ವಿಷಯ, ಅಕ್ಕ ಕೇಳಿದ್ದು ಕೊಲೆಸ್ಟರಾಲ್ ವಿಷಯ.

ಕೊಲೆಸ್ಟರಾಲಿಗೂ ಮುಖ್ಯವಾಗಿ ಕೆಲಸ ಮಾಡುವುದು ಆ ಲೋಳೆಯ ನಾರೇ. ಕರುಳಿನಲ್ಲಿ ಅದು ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕಳೆದುಹೋದ ಪಿತ್ತವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಪುಡಿ ಮಾಡಿದಾಗ ನಾರು ಬೇಗ ನೀರು ಹೀರಿ ಊಟದಲ್ಲಿ ಬೆರೆಯುತ್ತದೆ, ಸಿಪ್ಪೆಯಲ್ಲಿರುವ ಲಿಗ್ನಾನ್ ಎಂಬ ಸಸ್ಯಾಂಶಗಳೂ ಬಿಡಿಸಿಕೊಳ್ಳುತ್ತವೆ. "ಎಣ್ಣೆ ಕ್ಯಾಪ್ಸೂಲ್ ಸುಲಭವಲ್ಲವೇ" ಎಂದು ಕೇಳಿದ ಅಣ್ಣನಿಗೆ ಪಥ್ಯಾಹಾರದ ಕೆಲಸದಲ್ಲಿರುವ ಮೇಡಂ ಕೊಟ್ಟ ಉತ್ತರ ಸರಿಯಾಗಿದೆ. ಎಣ್ಣೆಯಲ್ಲಿ ಒಮೇಗಾ-3 ಇರುತ್ತದೆ, ನಾರು ಇರುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಎಲ್‌ಡಿಎಲ್ ಇಳಿದದ್ದು ಬೀಜ ತಿಂದವರಲ್ಲಿ. ಬರಿಯ ಎಣ್ಣೆ ಕುಡಿದವರಲ್ಲಿ ಇಳಿಯಲಿಲ್ಲ.

ಪ್ರಮಾಣಕ್ಕೆ ಬಂದರೆ, ಅನೇಕ ಪ್ರಯೋಗಗಳಲ್ಲಿ ದಿನಕ್ಕೆ 30 ಗ್ರಾಂ ಆಸುಪಾಸಿನಲ್ಲಿ ಪುಡಿ ಕೊಟ್ಟಿದ್ದಾರೆ. ಅಂದರೆ ಮಟ್ಟ ಮಾಡಿದ ನಾಲ್ಕು ದೊಡ್ಡ ಚಮಚ. ನೀವು ಕೊಟ್ಟ ಒಂದು ಚಮಚ ಅದರ ಕಾಲು ಭಾಗ. ಹಾಗೆಂದು ನಾಳೆಯಿಂದಲೇ ನಾಲ್ಕು ಚಮಚ ಕೊಡಬೇಡಿ, ಹೊಟ್ಟೆ ಉಬ್ಬರಿಸಿ ಅವರು ಅಗಸೆಯ ಹೆಸರೇ ಬೇಡ ಎನ್ನುತ್ತಾರೆ. ಮೊದಲ ವಾರ ಒಂದು ಚಮಚ, ಆಮೇಲೆ ವಾರಕ್ಕೊಂದರಂತೆ ಏರಿಸಿ. ಎರಡು ಹೊತ್ತಿಗೆ ಹಂಚಿ ಮೊಸರಿನಲ್ಲೋ ಗಂಜಿಯಲ್ಲೋ ಹಿಟ್ಟಿನಲ್ಲೋ ಬೆರೆಸಿ, ಪ್ರತಿ ಸಲವೂ ಒಂದು ದೊಡ್ಡ ಲೋಟ ನೀರು ಕುಡಿಸಿ. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ನುಂಗುವುದು ಬೇಡ. 30 ಗ್ರಾಂನಲ್ಲಿ ಸುಮಾರು 160 ಕ್ಯಾಲೊರಿ ಇರುತ್ತದೆ, ಹಾಗಾಗಿ ಊಟದಲ್ಲಿ ಅಷ್ಟನ್ನು ಬೇರೆ ಯಾವುದರಲ್ಲಾದರೂ ಕಡಿಮೆ ಮಾಡಿ.

ಎಷ್ಟು ಇಳಿಯಬಹುದು ಎಂಬುದನ್ನೂ ಹೇಳಿಬಿಡುತ್ತೇನೆ. ಒಟ್ಟು ಪ್ರಯೋಗಗಳ ಸರಾಸರಿ ನೋಡಿದರೆ ಎಲ್‌ಡಿಎಲ್ ಇಳಿಕೆ ಬಹುಪಾಲು ಹತ್ತು ಅಂಕದೊಳಗೇ ಇದೆ. ಮೊದಲೇ ಹೆಚ್ಚಿದ್ದವರಲ್ಲಿ ಸ್ವಲ್ಪ ಜಾಸ್ತಿ ಇಳಿದಿದೆ. ನಿಮ್ಮವರದು 152ರಿಂದ 142ರ ಹತ್ತಿರಕ್ಕೆ ಬಂದರೆ ಅಗಸೆ ತನ್ನ ಕೆಲಸ ಮಾಡಿತು ಎಂದುಕೊಳ್ಳಿ. 100ಕ್ಕೆ ಬರುತ್ತದೆಂದು ಕಾಯಬೇಡಿ, ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದರೆ ಅದನ್ನು ನಿಲ್ಲಿಸಲೂ ಬೇಡಿ. ಪೂರ್ಣ ಪ್ರಮಾಣಕ್ಕೆ ಬಂದ ಮೇಲೆ ಮೂರು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ನಡುವೆ ಎಣ್ಣೆ, ಊಟ, ನಡಿಗೆ ಎಲ್ಲವನ್ನೂ ಬದಲಾಯಿಸಿದರೆ ಯಾವುದರಿಂದ ಇಳಿಯಿತೆಂದು ತಿಳಿಯುವುದಿಲ್ಲ.

ಈಗ ಕಹಿಯ ವಿಷಯ. ಅಗಸೆ ಬೀಜದ ತೂಕದಲ್ಲಿ ಶೇಕಡಾ ನಲವತ್ತರಷ್ಟು ಎಣ್ಣೆ, ಅದರ ಅರ್ಧಕ್ಕೂ ಹೆಚ್ಚು ಗಾಳಿಗೆ ಬೇಗ ಸೋಲುವ ಒಮೇಗಾ-3. ಪೇಂಟು, ವಾರ್ನಿಷ್‌ಗೆ ಅಗಸೆ ಎಣ್ಣೆ ಬಳಸುವುದೂ ಇದೇ ಕಾರಣಕ್ಕೆ, ಗಾಳಿ ತಾಗಿದರೆ ಅದು ಗಟ್ಟಿಯಾಗುತ್ತದೆ. ನಿಮ್ಮ ಡಬ್ಬಿಯಲ್ಲಿ ಆದದ್ದೂ ಇದೇ ಬಗೆಯ ಬದಲಾವಣೆ. ಹಾಗಾಗಿಯೇ ಕೆಟ್ಟ ಅಗಸೆ ಹಳೆಯ ಪೇಂಟಿನ ಡಬ್ಬಿ ತೆರೆದಂತೆ ನಾರುತ್ತದೆ. ಒಳ್ಳೆಯ ಪುಡಿಗೆ ಬಾದಾಮಿಯಂಥ ಬೀಜಗಳ ತಿಳಿ ಪರಿಮಳ ಇರುತ್ತದೆ. ಪ್ರತಿ ಸಲ ಡಬ್ಬಿ ತೆರೆದಾಗ ಮೂಸಿ ನೋಡಿ, ಚಿಟಿಕೆಯಷ್ಟನ್ನು ನಾಲಿಗೆಗೆ ಹಾಕಿಕೊಳ್ಳಿ. ನುಂಗಿದ ಮೇಲೆ ಗಂಟಲು ಕೆರೆದಂತಾಗಿ ಕಹಿ ಉಳಿದರೆ ಎಸೆಯಿರಿ. ಮತ್ತೆ ಹುರಿದರೆ ಕಮಟು ಹೋಗುವುದಿಲ್ಲ.

"ಪುಡಿ ಮಾಡಿದ ಕಾಲು ಗಂಟೆಯಲ್ಲಿ ಸತ್ವ ಹೋಗುತ್ತದೆ" ಎಂದು ಬರೆದವರ ಮಾತು ಅರ್ಧ ಸರಿ. ಗಾಳಿ ತಾಗಿದರೆ ಹಾಳಾಗುವುದು ನಿಜ, ಆದರೆ ಅಷ್ಟು ಬೇಗ ಅಲ್ಲ. ಬೀಜದಲ್ಲಿಯೇ ಕೆಡದಂತೆ ಕಾಯುವ ಅಂಶಗಳಿವೆ. ಒಣಗಿದ, ಹಾಳಾಗದ ಬೀಜದ ಪುಡಿ ಕೋಣೆಯ ಉಷ್ಣತೆಯಲ್ಲಿಯೇ ತಿಂಗಳುಗಟ್ಟಲೆ ಉಳಿದ ಪರೀಕ್ಷೆಗಳೂ ಇವೆ. ಆ ಬೀಜವನ್ನು ಹುರಿದಿರಲಿಲ್ಲ, ಒಲೆ ಪಕ್ಕ ಇಟ್ಟಿರಲೂ ಇಲ್ಲ. ಹಾಗಾಗಿ ಇಷ್ಟೇ ದಿನ ಎಂಬ ಗಡುವಿನ ಬಗ್ಗೆ ಬಲ್ಲವರಲ್ಲಿಯೂ ಒಮ್ಮತವಿಲ್ಲ. ಮನೆಯಲ್ಲಿ ಬಿಸಿಯಾದ ಮಿಕ್ಸಿ, ತೇವದ ಚಮಚ, ಮತ್ತೆ ಮತ್ತೆ ತೆರೆಯುವ ಮುಚ್ಚಳ ಎಲ್ಲವೂ ಸೇರಿಕೊಳ್ಳುವುದರಿಂದ ನಾನು ವಾರದ ಲೆಕ್ಕವನ್ನೇ ನಂಬುತ್ತೇನೆ.

ನಿಮ್ಮ ಮನೆಗೆ ಹೊಂದಿಸಿ ಹೇಳುತ್ತೇನೆ. ದಿನಕ್ಕೆ 30 ಗ್ರಾಂ ಎಂದರೆ ವಾರಕ್ಕೆ 210 ಗ್ರಾಂ, ಒಂದು ಕಿಲೋ ಬೀಜ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಇಡಿ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಕತ್ತಲಲ್ಲಿ ಇಡಿ. ಒಣಗಿದ್ದರೆ ಅದು ಹಲವು ತಿಂಗಳು ಕೆಡುವುದಿಲ್ಲ. ಪುಡಿ ಮಾಡುವ ಹಿಂದಿನ ರಾತ್ರಿ ಆ ವಾರದ ಬೀಜವನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ಒದ್ದೆಯ ಸುಳಿವೂ ಇಲ್ಲದ ಜಾರಿಗೆ ಹಾಕಿ, ಮಿಕ್ಸಿಯನ್ನು ಕೆಲವು ಕ್ಷಣ ಓಡಿಸಿ ನಿಲ್ಲಿಸಿ, ಕೆದಕಿ, ಮತ್ತೆ ಓಡಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಪುಡಿ ಎಣ್ಣೆ ಬಿಟ್ಟು ತಳಕ್ಕೆ ಅಂಟುತ್ತದೆ. ಒರಟು ತರಿ ಸಾಕು, ಇಡಿ ಬೀಜ ಉಳಿಯದಿದ್ದರೆ ಆಯಿತು.

ಪುಡಿಯನ್ನು ಅದು ಹಿಡಿಯುವಷ್ಟೇ ದೊಡ್ಡ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ದೊಡ್ಡ ಡಬ್ಬಿಯ ತಳದಲ್ಲಿ ಸ್ವಲ್ಪ ಪುಡಿ ಇದ್ದರೆ ಉಳಿದ ಜಾಗದಲ್ಲೆಲ್ಲ ಗಾಳಿ ಇರುತ್ತದೆ. ಹೊರಗೆ ತೆಗೆದು ಊಟ ಮುಗಿಯುವವರೆಗೆ ಮೇಜಿನ ಮೇಲೆ ಬಿಡಬೇಡಿ, ತಣ್ಣನೆಯ ಪುಡಿಗೆ ತೇವ ಹಿಡಿಯುತ್ತದೆ. ಒಣ ಚಮಚದಲ್ಲಿ ಬೇಕಾದಷ್ಟು ತೆಗೆದು ತಕ್ಷಣ ಒಳಗಿಡಿ. ಹುರಿದ ರುಚಿಯೇ ಬೇಕಿದ್ದರೆ ಆ ವಾರದ ಬೀಜವನ್ನು ಹದವಾಗಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ.

ಒಂದು ಎಚ್ಚರಿಕೆ. ಲೋಳೆ ಮಾತ್ರೆಗಳ ಹೀರಿಕೆಯನ್ನು ತಡಮಾಡಬಹುದು, ಆದ್ದರಿಂದ ಮಾತ್ರೆಗೂ ಅಗಸೆಗೂ ಎರಡು ಗಂಟೆಯ ಅಂತರ ಇರಲಿ. ನಿಮ್ಮವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಅವರಿಗೆ ಹಿಂದೆ ಕರುಳು ಕಟ್ಟಿಕೊಂಡಿದ್ದರೆ, ಮೊದಲು ವೈದ್ಯರನ್ನು ಕೇಳಿ. ಅವರು ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಅಕ್ಕ?