7 ಕೆಜಿಗೆ ಇಳಿಸೋದು ಹೇಗೆ?

"ಬೆಂಗಳೂರಿಂದ ಮುಂಬೈಗೆ ಎರಡು ದಿನಕ್ಕೆ ಹೊರಟಿದ್ದೀನಿ. ಕ್ಯಾಬಿನ್ ಬ್ಯಾಗ್ 7 ಕೆಜಿ ಅಂತೆ, ನಂದು 9.4 ಬರ್ತಿದೆ. ಏನು ತೆಗೀಲಿ?"

ಬಟ್ಟೆಗಿಂತ ಬ್ಯಾಗೇ ಭಾರ ಇರಬೇಕು. ನಿಮ್ಮದು ಚಕ್ರದ ಟ್ರಾಲಿಯೋ ಅಲ್ಲವೋ ಗೊತ್ತಿಲ್ಲ, ಆದರೆ ನನ್ನ ಟ್ರಾಲಿ ಖಾಲಿ ಇದ್ದಾಗಲೇ 3 ಕೆಜಿ ತೂಗಿತ್ತು. ಮೊದಲು ಎಲ್ಲ ಹೊರಗಿಟ್ಟು ಖಾಲಿ ಬ್ಯಾಗ್ ತೂಗಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಬ್ಯಾಗ್ ಹಿಡಿದು ನಿಂತು, ನಿಮ್ಮ ತೂಕ ಕಳೆದರೆ ಆಯ್ತು.

ನಿಮ್ಮದೂ 3 ಕೆಜಿ ಇದ್ದರೆ, ಅದರ ಬದಲು 1 ಕೆಜಿ ತೂಗುವ ಬಟ್ಟೆಯ ಬ್ಯಾಗ್ ತಗೊಂಡರೆ 7.4ಕ್ಕೆ ಬಂತು. ಇನ್ನು ಶೂ. ಅದನ್ನು ಹಾಕ್ಕೊಂಡೇ ಹೋಗಿ, ಚಪ್ಪಲಿ ಬ್ಯಾಗಿಗೆ ಹಾಕಿ. ಎರಡನೇ ಜೀನ್ಸ್ ಮನೇಲೇ ಬಿಡಿ, ಎರಡು ದಿನಕ್ಕೆ ಒಂದು ಸಾಕಲ್ವಾ? ಶಾಂಪೂ, ಟವೆಲ್ ಹೋಟೆಲಲ್ಲಿ ಸಿಗುತ್ತೆ. ಈಗ ಸುಮಾರು 6 ಕೆಜಿ. ಉಳಿದ ಒಂದು ಕೆಜಿ ಸುಮ್ನೆ ತುಂಬಬೇಡಿ, ಬರುವಾಗ ಏನಾದರೂ ಕೊಳ್ಳುತ್ತೀರಿ.

ಲ್ಯಾಪ್‌ಟಾಪನ್ನು ಬೇರೆ ಸಣ್ಣ ಬ್ಯಾಗಲ್ಲಿ ಒಯ್ಯಲು ಹೆಚ್ಚಿನ ಕಂಪನಿಗಳು ಬಿಡುತ್ತವೆ, ಅದರ ಮಿತಿ ನಿಮ್ಮ ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಪವರ್ ಬ್ಯಾಂಕ್ ಕೂಡ ಅದರಲ್ಲೇ ಇರಲಿ. ಗೇಟಿನಲ್ಲಿ ದೊಡ್ಡ ಬ್ಯಾಗನ್ನು ಲಗೇಜಿಗೆ ಹಾಕಿಸಿದರೂ ಪವರ್ ಬ್ಯಾಂಕ್ ನಿಮ್ಮ ಜೊತೆಗೇ ಇರಬೇಕು.